ಬಣ್ಣದ ವೇಷದ ಗೊಂಬೆ ಇಂಗ್ಲೆಂಡಿಗೆ ಕಳಿಸಬೇಕು: ಪೆಟ್ಟಿಗೆ, ಕಸ್ಟಮ್ಸ್ ಫಾರ್ಮು, ಖರ್ಚು ಹೇಗೆ?

ಪೆರ್ಲದ ಗೊಂಬೆಮನೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆಯ ಪೆರ್ಲದವಳು. ಯಕ್ಷಗಾನದ ಗೊಂಬೆಗಳನ್ನು ಮಾಡುತ್ತೇನೆ. ಹಗುರ ಮರದ ಮೈ, ಹತ್ತಿ ಬಟ್ಟೆಯ ಉಡುಗೆ, ಆಭರಣಕ್ಕೆ ಬೇಗಡೆ ಮತ್ತು ಕನ್ನಡಿ ಚೂರು. ಇಷ್ಟು ದಿನ ಮಂಗಳೂರು, ಬೆಂಗಳೂರಿಗೆ ಮಾತ್ರ ಕಳಿಸುತ್ತಿದ್ದೆ. ಈಗ ಲೆಸ್ಟರಿನಲ್ಲಿರುವ ನಮ್ಮ ಕಡೆಯವರೊಬ್ಬರು ಬಣ್ಣದ ವೇಷದ ಗೊಂಬೆ ಕೇಳಿದ್ದಾರೆ. ನವರಾತ್ರಿಗೆ ಗೊಂಬೆ ಕೂರಿಸುವಾಗ ಅದು ಅಲ್ಲಿರಬೇಕಂತೆ. ಬೆಲೆ 6,500 ರೂಪಾಯಿ ಹೇಳಿದ್ದೇನೆ, ಸಾಗಣೆ ಬೇರೆ.

ಇಲ್ಲಿ ಒಂದು ಕೊರಿಯರ್ ಅಂಗಡಿಗೆ ಹೋಗಿ ಕೇಳಿದೆ. ಗೊಂಬೆ ತೂಗಿದರೆ ಒಂದೂವರೆ ಕಿಲೋ ಕೂಡ ಇಲ್ಲ. ಅವರು 9 ಕಿಲೋ ಲೆಕ್ಕ ಹಾಕಿದರು. ಯಾಕೆ ಅಂತ ಕೇಳಿದರೆ ಪೆಟ್ಟಿಗೆ ದೊಡ್ಡದು ಅಂದರು. ಫಾರ್ಮಿನಲ್ಲಿ ಎಂತ ಬರೆಯಬೇಕು, ನವರಾತ್ರಿಗೆ ಮುಟ್ಟುತ್ತದೆ ಅಂತ ನಾನು ಮಾತು ಕೊಡಬಹುದಾ, ಇದೂ ಗೊತ್ತಿಲ್ಲ. ಕಳಿಸಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ಜತ್ತದ ಕೌದಿ

ಅಕ್ಕಾರ, ಇಷ್ಟ್ಯಾಕ ಚಿಂತಿ ಮಾಡ್ತೀರಿ? ನಾನು ಮಹಾರಾಷ್ಟ್ರದ ಜತ್ತದಿಂದ ಕೌದಿ ಕಳಿಸ್ತೀನಿ. ಫಾರ್ಮಿನಲ್ಲಿ ಗಿಫ್ಟ್ ಅಂತ ಬರೆದು, ಬೆಲೆ 500 ರೂಪಾಯಿ ಹಾಕಿಬಿಡ್ರಿ. ಯಾರೂ ಕೇಳೋದಿಲ್ಲ. ಮೇಲಾಗಿ ಈಗ ಇಂಗ್ಲೆಂಡಿನ ಜೊತೆ ನಮ್ಮ ದೇಶದ ಮುಕ್ತ ವ್ಯಾಪಾರ ಒಪ್ಪಂದ ಆಗಿದೆ. 2025ರ ಜುಲೈನಲ್ಲಿ ಸಹಿ ಆಯ್ತು. ಟ್ಯಾಕ್ಸ್ ಎಲ್ಲಾ ಹೋಯ್ತು ಅಂತ ತಿಳ್ಕೊಳ್ರಿ.

ಕುಂಬಳೆ ಪಾರ್ಸೆಲ್

ಗೊಂಬೆಮನೆ ಅಕ್ಕ, ಮೊದಲು ಪೆಟ್ಟಿಗೆಯ ವಿಷಯ ಮುಗಿಸುವ. ಖರ್ಚು ನಿಂತಿರುವುದೇ ಅದರ ಮೇಲೆ.

ಕೊರಿಯರಿನವರು ತೂಕ ಮತ್ತು ಗಾತ್ರ ಎರಡನ್ನೂ ನೋಡುತ್ತಾರೆ. ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಗಾತ್ರದ ಲೆಕ್ಕ ಹೀಗೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು. ನಿಮಗೆ 9 ಕಿಲೋ ಅಂದರೆಂದರೆ ನಿಮ್ಮ ಪೆಟ್ಟಿಗೆ ಹೆಚ್ಚುಕಮ್ಮಿ 50, 30, 30 ಇರಬೇಕು. ಗುಣಿಸಿದರೆ 45,000. ಭಾಗಿಸಿದರೆ ಸರಿಯಾಗಿ 9.

ಗೊಂಬೆಯನ್ನು ನಿಲ್ಲಿಸಿ ಪ್ಯಾಕ್ ಮಾಡಿದ್ದೀರಿ ಅಲ್ವಾ? ಬಣ್ಣದ ವೇಷಕ್ಕೆ ಕೇಸರಿತಟ್ಟಿ ಅನ್ನುವ ಅಗಲ ಕಿರೀಟ ಉಂಟು. ಆ ತಟ್ಟಿ ತಲೆಯ ಹಿಂದೆ ನಿಂತೇ ಇದ್ದರೆ ಅದರ ಸುತ್ತ ಅಷ್ಟೂ ಗಾಳಿ ತುಂಬಿದ ಜಾಗ. ನೀವು ದುಡ್ಡು ಕೊಡುತ್ತಿರುವುದು ಆ ಜಾಗಕ್ಕೆ. ತಟ್ಟಿಯನ್ನು ಬೇರೆ ಮಾಡಿ, ಅಲ್ಲಿ ಹೋದ ಮೇಲೆ ಸಿಕ್ಕಿಸಿಕೊಳ್ಳುವ ಹಾಗೆ ಮಾಡಲು ಆಗುತ್ತದಾ?

ಗಿಫ್ಟಿನ ವಿಷಯ ಆಮೇಲೆ ಬರೆಯುತ್ತೇನೆ. ಅದು ಬೇಡವೇ ಬೇಡ.

ಪೆರ್ಲದ ಗೊಂಬೆಮನೆ

ಹೌದಣ್ಣ, ನಿಲ್ಲಿಸಿಯೇ ಇಟ್ಟದ್ದು. ತಟ್ಟಿ ಬೇರೆ ಮಾಡಬಹುದು. ಹಿಂದೆ ಒಂದು ಬಿದಿರಿನ ಕಡ್ಡಿ ಇಟ್ಟು, ತಲೆಯಲ್ಲಿ ತೂತು ಮಾಡಿದರೆ ಸಿಕ್ಕಿಸಬಹುದು. ತಟ್ಟಿಯ ಅಗಲ 20 ಸೆಂಟಿಮೀಟರ್. ಅದು ಬಿಟ್ಟರೆ ಗೊಂಬೆಯ ಉದ್ದ 32. ಉಡುಗೆ ಬಟ್ಟೆಯದ್ದಾದ್ದರಿಂದ ಮಲಗಿಸಿದರೆ ಚಪ್ಪಟೆಯಾಗುತ್ತದೆ.

ಕುಂಬಳೆ ಪಾರ್ಸೆಲ್

ಹಾಗಾದರೆ ಕೆಲಸ ಆಯಿತು. ಪೆಟ್ಟಿಗೆಯ ಹೊರ ಅಳತೆ 42, 28, 16 ಸಾಕು. ಗುಣಿಸಿ ಭಾಗಿಸಿದರೆ 3.76. ಕೊರಿಯರಿನವರು 4 ಕಿಲೋ ಮಾಡುತ್ತಾರೆ. ಕಿಲೋಗೆ 900 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ. 8,100 ಇದ್ದದ್ದು 3,600ಕ್ಕೆ ಇಳಿಯಿತು. ಗೊಂಬೆ ಅದೇ.

ಇನ್ನೊಂದು ದಾರಿಯೂ ಈಗ ತೆರೆಯಿತು. ಅಂಚೆಯಲ್ಲಿ ಟ್ರ್ಯಾಕ್ ಮಾಡಬಹುದಾದ ಅಂತರರಾಷ್ಟ್ರೀಯ ಪ್ಯಾಕೆಟ್ ಅಂತ ಉಂಟು. ತೂಕ 2 ಕಿಲೋ ಒಳಗೆ, ಒಂದು ಬದಿ 60 ಸೆಂಟಿಮೀಟರ್ ಮೀರಬಾರದು, ಮೂರೂ ಬದಿ ಕೂಡಿದರೆ 90 ಮೀರಬಾರದು. ನಿಮ್ಮ ಹಳೆಯ ಪೆಟ್ಟಿಗೆ ಕೂಡಿದರೆ 110. ಹೊಸದು 86. ಟೇಪು ಸುತ್ತಿದ ಮೇಲೆ ಪೆಟ್ಟಿಗೆ ಸ್ವಲ್ಪ ಉಬ್ಬುತ್ತದೆ. ಹಾಗಾಗಿ ಆ ನಾಲ್ಕು ಸೆಂಟಿಮೀಟರ್ ಉಳಿಸಿಯೇ ಇಡಿ. ತುಂಬಿಸಿ ಅಂಟಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ, ತೂಗಿರಿ. ದರ ಆಗಾಗ ಬದಲಾಗುತ್ತದೆ, ಆ ದಿನ ಕೌಂಟರಿನಲ್ಲಿ ಕೇಳಿಯೇ ಗಿರಾಕಿಗೆ ಹೇಳಿ.

ಪ್ಯಾಕಿಂಗಿನಲ್ಲಿ ನಿಮ್ಮ ಗೊಂಬೆಗೆ ಎರಡು ಅಪಾಯ. ಒಂದು, ಬೇಗಡೆ. ಅದರ ಮೇಲೆ ಬಬಲ್ ರ್‍ಯಾಪ್ ನೇರ ಒತ್ತಿದರೆ ಗುಳ್ಳೆಯ ಗುರುತು ಬೀಳುತ್ತದೆ. ಟೇಪು ತಾಗಿದರೆ ಬೇಗಡೆ ಕಿತ್ತು ಬರುತ್ತದೆ. ಮೊದಲು ಬಟರ್ ಪೇಪರ್ ಸುತ್ತಿ, ಹತ್ತಿಯ ನೂಲಿನಲ್ಲಿ ಸಡಿಲವಾಗಿ ಕಟ್ಟಿ, ಅದರ ಮೇಲೆ ಬಬಲ್ ರ್‍ಯಾಪ್ ಹಾಕಿ. ಹಳೆಯ ಪೇಪರು ಒಳಗೆ ಬೇಡ, ಮಸಿ ಬಟ್ಟೆಗೆ ಹತ್ತುತ್ತದೆ.

ಎರಡನೆಯದು ಈ ಮಳೆ. ಆಟಿಯಲ್ಲಿ ನಮ್ಮ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ. ಒದ್ದೆ ಗಾಳಿ ಸಮೇತ ಪ್ಲಾಸ್ಟಿಕ್ಕಿನಲ್ಲಿ ಗಟ್ಟಿ ಮುಚ್ಚಿದರೆ ಒಳಗೆ ಬೂಷ್ಟು ಬರುತ್ತದೆ, ಅಂಟು ಬಿಡುತ್ತದೆ. ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗಿಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಮೇಲೆ ಮುಚ್ಚಿ.

ಎಲ್ಲಾ ಆದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಒಳಗೆ ಜಾಗ ಉಳಿದಿದೆ ಅಂತ ಅರ್ಥ. ಆಮೇಲೆ ಸೊಂಟದ ಎತ್ತರದಿಂದ, ಮೂಲೆ ಕೆಳಗಾಗಿ ಒಮ್ಮೆ ಬೀಳಿಸಿ, ಬಿಚ್ಚಿ ನೋಡಿ. ಗಿರಾಕಿಯ ಗೊಂಬೆಯಲ್ಲಿ ಅಲ್ಲ, ಬಣ್ಣ ಕೆಟ್ಟದ್ದೋ ಹಳೆಯದೋ ಒಂದು ಇಟ್ಟು ಮಾಡಿ. ದಾರಿಯಲ್ಲಿ ಬೀಳುವುದು ಮೂಲೆಯ ಮೇಲೆಯೇ.

ತಾಳವಾಡಿ ಬುಟ್ಟಿ

ನಾನು ತಾಳವಾಡಿ ಕಡೆಯವನು. ಬೆಂಗಳೂರಿಗೆ ಕಳಿಸೋಕೆ ಸತ್ಯಮಂಗಲದ ಮೇಲೆ ಹೋಗೋದು ಒಳ್ಳೇದಾ, ಚಾಮರಾಜನಗರದ ಮೇಲಾ?

ಪೆರ್ಲದ ಗೊಂಬೆಮನೆ

ಅಣ್ಣ, ಇದು ಹೊರದೇಶಕ್ಕೆ ಕಳಿಸುವ ಮಾತು.

ತಾಳವಾಡಿ ಬುಟ್ಟಿ

ಓ, ಹಂಗಾ. ಸರಿ ಅಕ್ಕ. ಹಾಗಾದ್ರೆ ನಮ್ಮದೂ ಒಂದು ಕಥೆ ಇದೆ ಕೇಳಿ. ಆಸ್ಟ್ರೇಲಿಯಾದ ಮೆಲ್ಬರ್ನಿಗೆ ಬಿದಿರು ಬುಟ್ಟಿ ಹೋಗಿತ್ತು. ಒಳಗೆ ಮಣ್ಣಿನ ದೀಪ ಇದ್ದವು, ಒಡೀಬಾರದು ಅಂತ ನಮ್ಮಮ್ಮ ಬೈಹುಲ್ಲು ತುಂಬಿ ಕೊಟ್ಟರು. ಅಲ್ಲಿ ಪೆಟ್ಟಿಗೆ ತಡೆದರು. ಬುಟ್ಟಿಯಲ್ಲಿ ಹುಳ ಇತ್ತೋ ಇಲ್ವೋ ಅನ್ನೋದಕ್ಕಿಂತ ಮೊದಲೇ ಹುಲ್ಲು ನೋಡಿ ನಿಲ್ಲಿಸಿದರಂತೆ. ಗಿರಾಕಿಗೆ ಪತ್ರ ಬಂತು: ದುಡ್ಡು ಕಟ್ಟಿ ಶುದ್ಧಿ ಮಾಡಿಸಿ, ಇಲ್ಲಾ ವಾಪಸ್ ಕಳಿಸಿ, ಇಲ್ಲಾ ನಾಶ ಮಾಡ್ತೀವಿ ಅಂತ. ಅವರು ನಾಶ ಮಾಡಿ ಅಂದುಬಿಟ್ಟರು. ದೀಪನೂ ಹೋಯ್ತು.

ಕುಂಬಳೆ ಪಾರ್ಸೆಲ್

ಇದು ಎಲ್ಲರಿಗೂ ಬೇಕಾದ ಮಾತು. ಆಸ್ಟ್ರೇಲಿಯಾಕ್ಕೆ ಹುಲ್ಲು, ಭತ್ತದ ಹೊಟ್ಟು ಯಾವುದನ್ನೂ ಪ್ಯಾಕಿಂಗಿಗೆ ಹಾಕಬಾರದು. ನ್ಯೂಜಿಲೆಂಡೂ ಅಷ್ಟೇ ಬಿಗಿ. ಇಂಗ್ಲೆಂಡಿಗೂ ತುಂಬಲು ಕಾಗದ ಬಳಸಿದರೆ ನೆಮ್ಮದಿ. ನಮ್ಮಲ್ಲಿ ತೆಂಗಿನ ನಾರು ಪುಕ್ಕಟೆ ಸಿಗುತ್ತದೆ ಅಂತ ತುಂಬಿಸುವವರಿದ್ದಾರೆ, ಬೇಡ. ಮರದ ಗೊಂಬೆಗೆ ತೊಗಟೆಯ ಚೂರು ಉಳಿದಿರಬಾರದು, ಹುಳ ಕೊರೆದ ಸಣ್ಣ ತೂತು ಇರಬಾರದು. ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಒಳಗೆ ಇನ್ನೂ ಜೀವಂತ ಉಂಟು. ಅಂಥದ್ದನ್ನು ಕಳಿಸಲೇಬೇಡಿ.

ಗೊಂಬೆಗೆ ನವಿಲುಗರಿ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ನವಿಲುಗರಿ, ಅದರಿಂದ ಮಾಡಿದ ಸಾಮಾನು ಎರಡಕ್ಕೂ ನಮ್ಮ ದೇಶದಿಂದಲೇ ರಫ್ತು ನಿಷೇಧ ಉಂಟು.

ಬದಿಯಡ್ಕ ಹಾಳೆ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮದು ಅಡಿಕೆ ಹಾಳೆಯ ತಟ್ಟೆ. ಅಮೆರಿಕದಿಂದ ಕನ್ನಡ ಕೂಟದವರು ಊಟಕ್ಕೆ 500 ತಟ್ಟೆ ಕೇಳುತ್ತಿದ್ದಾರೆ. ಇದೇ ಕ್ರಮದಲ್ಲಿ ಕಳಿಸಬಹುದಾ?

ಕುಂಬಳೆ ಪಾರ್ಸೆಲ್

ಒಪ್ಪಿಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಹಾಳೆ ತಟ್ಟೆಯನ್ನು ಊಟಕ್ಕೆ ಬಳಸಬಾರದು ಅಂತ ಹೇಳಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಊಟಕ್ಕೆ ಸೇರಬಹುದು ಅನ್ನುವುದು ಅವರ ಕಾರಣ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆ ಇದರಿಂದಲೇ ನಡೆಯುತ್ತದೆ, ನನಗೂ ಬೇಜಾರುಂಟು. ಆದರೆ ಪೆಟ್ಟಿಗೆ ಅಲ್ಲಿ ಸಿಕ್ಕಿಬಿದ್ದರೆ ನಷ್ಟ ನಿಮಗೇ. ಅದೂ ಅಲ್ಲದೆ 800 ಡಾಲರ್ ಒಳಗಿನ ಸಾಮಾನಿಗೆ ಸುಂಕವಿಲ್ಲ ಅನ್ನುವ ಅಮೆರಿಕದ ರಿಯಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ. ಅಮೆರಿಕದ ಕಥೆ ಬೇರೆಯೇ ಚರ್ಚೆ, ಇಲ್ಲಿ ಬೆರೆಸುವುದು ಬೇಡ.

ಈಗ ಗಿಫ್ಟಿನ ಮಾತಿಗೆ ಬರುತ್ತೇನೆ. ಕೌದಿಯವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಇದನ್ನು ಓದಿ ನಾಲ್ಕು ಜನ ಹಾಗೆ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಗಿಫ್ಟಿಗೆ 39 ಪೌಂಡ್ ತನಕ ತೆರಿಗೆ ಇಲ್ಲ ನಿಜ. ಅದು ಒಬ್ಬರು ಇನ್ನೊಬ್ಬರಿಗೆ ದುಡ್ಡು ತೆಗೆದುಕೊಳ್ಳದೆ ಕೊಟ್ಟದ್ದಕ್ಕೆ. ನೀವು ಮಾರಿದ್ದೀರಿ. ಗಿರಾಕಿಯ ಬ್ಯಾಂಕಿನಲ್ಲಿ ಅದರ ದಾಖಲೆ ಉಂಟು. ಕಸ್ಟಮ್ಸಿನವರು ಬಿಲ್ಲು ಕೇಳಿದರೆ ಉತ್ತರ ಕೊಡಬೇಕಾದವರು ಅಲ್ಲಿರುವ ಗಿರಾಕಿ. ಇನ್ನೊಂದು ಮಾತು, ದಾರಿಯಲ್ಲಿ ಪೆಟ್ಟಿಗೆ ಕಳೆದುಹೋದರೆ ಪರಿಹಾರ ಕೇಳಲಿಕ್ಕೂ ನೀವು ಬರೆದ ಬೆಲೆಯೇ ಆಧಾರ. 6,500ರ ಗೊಂಬೆಗೆ 500 ಬರೆದರೆ 500ಕ್ಕಿಂತ ಹೆಚ್ಚು ಕೇಳಲು ಬಾಯಿಲ್ಲ.

ಒಪ್ಪಂದದ ಮಾತೂ ಅರ್ಧ ಸರಿ. ಅದು ಕಸ್ಟಮ್ಸ್ ಸುಂಕಕ್ಕೆ. ವ್ಯಾಟ್ ಬೇರೆ, ಅದು ಇಂಗ್ಲೆಂಡಿನ ಒಳಗೇ ಮಾಡಿದ ಸಾಮಾನಿಗೂ ಉಂಟು, ಶೇಕಡಾ 20. ಒಪ್ಪಂದದಿಂದ ಅದು ಹೋಗುವುದಿಲ್ಲ.

ಜತ್ತದ ಕೌದಿ

ವ್ಯಾಟ್ ಬೇರೆ ಅನ್ನೋದು ನನಗೆ ಹೊಳೆದಿರಲಿಲ್ರಿ. ಆದ್ರೂ ನಮ್ಮ ಊರಿನ ಮಂದಿ ಎಲ್ಲಾರೂ ಗಿಫ್ಟ್ ಅಂತಾನೇ ಬರೀತಾರೆ, ಮುಟ್ಟತಾವ.

ಲೆಸ್ಟರ್ ಕನ್ನಡಿಗ

ಗೊಂಬೆ ಕೇಳಿದ್ದು ನಾನೇ. ಅಕ್ಕ ಈ ಚರ್ಚೆಯ ಕೊಂಡಿ ಕಳಿಸಿದರು. ಈ ಕಡೆಯ ಅನುಭವ ಹೇಳುತ್ತೇನೆ.

ಹಿಂದೊಮ್ಮೆ ಊರಿಂದ ಬೇರೊಬ್ಬರ ಹತ್ತಿರ ಹಿತ್ತಾಳೆ ದೀಪ ತರಿಸಿದ್ದೆ. ಮನೆಗೆ ಒಂದು ಕಾರ್ಡು ಬಂತು. ವ್ಯಾಟ್ ಕಟ್ಟಬೇಕು, ಜೊತೆಗೆ ಅಂಚೆಯವರ ಹ್ಯಾಂಡ್ಲಿಂಗ್ ಶುಲ್ಕ 8 ಪೌಂಡ್. ಕಟ್ಟಿದ ಮೇಲೆ ಕೊಟ್ಟರು. ದುಡ್ಡಿಗಿಂತ ಬೇಸರವಾದದ್ದು ಯಾರೂ ಮೊದಲೇ ಹೇಳಿರಲಿಲ್ಲ ಅನ್ನುವುದು. ಹೇಳಿದ್ದರೆ ಖುಷಿಯಿಂದ ಕಟ್ಟುತ್ತಿದ್ದೆ. ನನ್ನ ಪರಿಚಯದ ಒಬ್ಬರು ಊರಿಗೆ ಹೋಗಿದ್ದಾಗ ಹೀಗೇ ಕಾರ್ಡು ಬಂದಿತ್ತು. ಸುಮಾರು ಮೂರು ವಾರ ಇಟ್ಟುಕೊಂಡು ಪೆಟ್ಟಿಗೆ ವಾಪಸ್ ಕಳಿಸಿಬಿಟ್ಟರು.

ಅಕ್ಕ, ನಮ್ಮ ಕನ್ನಡ ಬಳಗದಲ್ಲಿ ಇನ್ನೂ ಎರಡು ಮನೆಯವರು ಗೊಂಬೆ ಕೇಳುತ್ತಿದ್ದಾರೆ. ಒಟ್ಟಿಗೆ ಕಳಿಸಿದರೆ ಲಾಭ ಇದೆಯಾ?

ಕುಂಬಳೆ ಪಾರ್ಸೆಲ್

ಒಳ್ಳೆಯ ಪ್ರಶ್ನೆ. ಇಂಗ್ಲೆಂಡಿಗೆ 135 ಪೌಂಡ್ ಅನ್ನುವ ಗೆರೆ ಉಂಟು, 2021ರಿಂದ. ಸಾಗಣೆ ಬಿಟ್ಟು ಸಾಮಾನಿನ ಬೆಲೆ ಅದಕ್ಕಿಂತ ಕಡಿಮೆ ಇದ್ದು, ಮನೆಬಳಕೆಯ ಗಿರಾಕಿಗೆ ನೇರ ಮಾರಿದರೆ, ವ್ಯಾಟ್ ವಸೂಲಿ ಮಾಡಿ ಅಲ್ಲಿನ ಸರಕಾರಕ್ಕೆ ಕಟ್ಟಬೇಕಾದವರು ಮಾರಿದವರೇ. ಅದಕ್ಕೆ ಅಲ್ಲಿ ನೋಂದಣಿ ಬೇಕು. ಪೆರ್ಲದಲ್ಲಿ ಕೂತು ಗೊಂಬೆ ಮಾಡುವವರಿಗೆ ಇದು ದೊಡ್ಡ ಹೊರೆ. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಆ ಕೆಲಸ ಅವರೇ ಮಾಡುತ್ತಾರೆ, ಆದರೆ ಕಮಿಷನ್ ಹೋಗುತ್ತದೆ. ಬೆಲೆ 135 ದಾಟಿದರೆ ಗಡಿಯಲ್ಲೇ ವ್ಯಾಟ್ ಹಾಕಿ ಗಿರಾಕಿಯಿಂದ ತೆಗೆದುಕೊಳ್ಳುತ್ತಾರೆ.

ಒಂದು ಗೊಂಬೆ ಸುಮಾರು 52 ಪೌಂಡ್ ಅಂತ ಹಿಡಿಯಿರಿ. ಮೂರಕ್ಕೆ 156, ಗೆರೆ ದಾಟಿತು. ಸಾಗಣೆ 40 ಪೌಂಡ್ ಅಂತ ಇಟ್ಟುಕೊಂಡರೆ ಒಟ್ಟು 196. ಅದರ ಮೇಲೆ ಶೇಕಡಾ 20 ಅಂದರೆ 39 ಪೌಂಡ್ ಚಿಲ್ಲರೆ. ಒಂದು ಮನೆಗೆ 13. ಸುಂಕ ಬಿದ್ದರೆ ಅದು ಇದಕ್ಕೆ ಸೇರುತ್ತದೆ. ಹ್ಯಾಂಡ್ಲಿಂಗ್ ಶುಲ್ಕ ಮಾತ್ರ ಮೂರು ಮನೆಗೂ ಸೇರಿ ಒಂದೇ ಸಲ. ಆದರೆ ತೂಕ 2 ಕಿಲೋ ದಾಟುತ್ತದೆ. ಹಾಗಾಗಿ ಪ್ಯಾಕೆಟ್ ಸೇವೆ ಸಿಗುವುದಿಲ್ಲ, ಇಎಂಎಸ್ ಸ್ಪೀಡ್ ಪೋಸ್ಟ್ ಅಥವಾ ಕೊರಿಯರ್ ಬೇಕು. ನನ್ನ ಲೆಕ್ಕದಲ್ಲಿ ನಿಮಗೆ ಇದೇ ನೇರ ದಾರಿ.

ಫಾರ್ಮಿನಲ್ಲಿ ಗೊಂಬೆ ಅಂತ ಮಾತ್ರ ಬರೆದರೆ ಮಕ್ಕಳ ಆಟಿಕೆ ಅಂದುಕೊಳ್ಳುತ್ತಾರೆ. ಆಟಿಕೆಗೆ ಸುರಕ್ಷತೆಯ ಪರೀಕ್ಷೆ, ಗುರುತು ಎಲ್ಲಾ ಬೇಕು. ಅಲಂಕಾರದ ಜನಪದ ಗೊಂಬೆಗೆ ಅದರಿಂದ ವಿನಾಯಿತಿ ಉಂಟು. ಆದರೆ 14 ವರ್ಷ ಮೇಲ್ಪಟ್ಟ ಸಂಗ್ರಹಕಾರರಿಗೆ ಅಂತ ಗೊಂಬೆಯ ಮೇಲೋ ಅದರ ಪ್ಯಾಕಿನ ಮೇಲೋ ಕಾಣುವ ಹಾಗೆ ಬರೆದಿರಬೇಕು. ಫಾರ್ಮಿಗೆ ಹೀಗೆ ಹಾಕಿ:

```
Decorative folk doll, handmade, wood and cotton
For collectors aged 14 and above
Qty 3   HS 9503 00   Origin: India
Category: Sale of goods
```

ಕೋಡು ಆಟಿಕೆಯದ್ದೇ ಅಂತ ಹೆದರಬೇಡಿ. ಅಲಂಕಾರದ ಗೊಂಬೆಯೂ ಅದೇ ಶೀರ್ಷಿಕೆಯಲ್ಲಿ ಬರುತ್ತದೆ. ಪ್ರತಿಯೊಂದರ ಬೆಲೆ, ತೂಕ ಬೇರೆ ಬೇರೆ ಬರೆಯಿರಿ. ಕೌಂಟರಿನಲ್ಲಿ ಕಂಪ್ಯೂಟರಿಗೆ ಹಾಕುವ ವಿವರ ನಿಮ್ಮ ಪೆಟ್ಟಿಗೆಗಿಂತ ಮೊದಲೇ ಅಲ್ಲಿನ ಕಸ್ಟಮ್ಸ್ ಮುಟ್ಟುತ್ತದೆ. ಅದಕ್ಕೇ ಅವರು ಟೈಪ್ ಮಾಡುವಾಗ ಪಕ್ಕದಲ್ಲಿ ನಿಂತು ಓದಿ. ಗಡಿಬಿಡಿಯಲ್ಲಿ ಬರೇ ಗಿಫ್ಟ್ ಅಂತ ಒತ್ತಿದರೆ ನೀವು ಬರೆದದ್ದು, ಅಲ್ಲಿಗೆ ಹೋದದ್ದು ತಾಳೆಯಾಗುವುದಿಲ್ಲ. ಮುಟ್ಟಿಸಲಾಗದಿದ್ದರೆ ಏನು ಮಾಡಬೇಕು ಅಂತಲೂ ಅಂಚೆಯ ಫಾರ್ಮಿನಲ್ಲಿ ಕೇಳುತ್ತದೆ. ವಾಪಸ್ ಕಳಿಸಿ ಅಂತ ಗುರುತು ಹಾಕಿ. ವಾಪಸಿನ ಖರ್ಚು ನಿಮ್ಮ ತಲೆಗೆ ಬರಬಹುದು, ಆದರೂ ಕೈಯಲ್ಲಿ ಮಾಡಿದ ಸಾಮಾನು ಉಳಿಯುತ್ತದೆ.

ಅದೋನಿ ಲೆಕ್ಕಪತ್ರ

ಎಲ್ಲರೂ ಪೆಟ್ಟಿಗೆ ಮಾತಾಡಿದ್ದೀರಿ, ಕಾಗದದ ಮಾತು ಬಿಟ್ಟಿದ್ದೀರಿ. ಮಾರಾಟಕ್ಕೆ ಕಳಿಸುವವರು ಐಇಸಿ, ಅಂದರೆ ಆಮದು ರಫ್ತು ಮಾಡುವವರ ಗುರುತಿನ ಸಂಖ್ಯೆ ಮಾಡಿಸಿ. ಡಿಜಿಎಫ್‌ಟಿ ಅನ್ನುವ ಕೇಂದ್ರ ಸರಕಾರದ ವಿದೇಶ ವ್ಯಾಪಾರ ಕಚೇರಿಯ ಜಾಲತಾಣದಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಇದ್ದರೆ ಸಾಕು. ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲಿನಿಂದ ಜೂನ್ ಒಳಗೆ ವಿವರ ಖಚಿತ ಮಾಡಬೇಕು, ಏನೂ ಬದಲಾಗದಿದ್ದರೂ. ಇಲ್ಲದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಆಮೇಲೆ ಡಾಕ್ ಘರ್ ನಿರ್ಯಾತ್ ಕೇಂದ್ರ ಇರುವ ಅಂಚೆ ಕಚೇರಿಯ ಮೂಲಕ ಕಳಿಸಿದರೆ ರಫ್ತಿನ ಬಿಲ್ಲನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ತುಂಬಬಹುದು.

ಜಿಎಸ್‌ಟಿ ವಿಷಯದಲ್ಲಿ, ವಹಿವಾಟು ಸಣ್ಣದು ಅಂದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ಸರಕು ರಫ್ತನ್ನು ಹೊರರಾಜ್ಯದ ಮಾರಾಟದ ಹಾಗೆ ನೋಡುತ್ತಾರೆ. ನೋಂದಣಿ ಇದ್ದರೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟು ತೆರಿಗೆ ಕಟ್ಟದೆ ಕಳಿಸಬಹುದು. ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಕೊಡಬೇಕು.

ಬದಿಯಡ್ಕ ಹಾಳೆ

ಕರಕುಶಲ ವಸ್ತುವಿಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಉಂಟು ಅಂತ ನಮಗೆ ಸಹಕಾರ ಸಂಘದಲ್ಲಿ ಹೇಳಿದ್ದರು.

ಅದೋನಿ ಲೆಕ್ಕಪತ್ರ

ಹೊರರಾಜ್ಯಕ್ಕೆ ಮಾರಲು ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಸರಿ. ಅದೇ ರಫ್ತಿಗೂ ಆಗುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ, ಕೆಲವರು ಒಪ್ಪುವುದಿಲ್ಲ. ನಾನು ನೋಂದಣಿ ಮಾಡಿಸಿ ಅನ್ನುವ ಕಡೆಯವನು. ನಿಮ್ಮ ಲೆಕ್ಕಿಗರ ಹತ್ತಿರ ಒಮ್ಮೆ ಕೂತು ಮಾತಾಡಿ.

ಪೆರ್ಲದ ಗೊಂಬೆಮನೆ

ಎಲ್ಲರಿಗೂ ತುಂಬಾ ಉಪಕಾರ. ಮೂರು ಗೊಂಬೆ ಒಟ್ಟಿಗೇ ಕಳಿಸುತ್ತೇನೆ. ಒಂದೊಂದಕ್ಕೆ ಒಳಪೆಟ್ಟಿಗೆ ಮಾಡಿ ಹೊರಗೆ ದೊಡ್ಡದೊಂದು ಹಾಕುವ ಯೋಚನೆ. ನವರಾತ್ರಿಯ ಮಾತು ಎಂತ ಮಾಡುವುದು?

ಕುಂಬಳೆ ಪಾರ್ಸೆಲ್

ಮುಟ್ಟುವ ದಿನದ ಮಾತು ಕೊಡಬೇಡಿ ಅಕ್ಕ. ಅಂಚೆಗೆ ಹಾಕುವ ದಿನದ ಮಾತು ಕೊಡಿ. ಅದು ನಿಮ್ಮ ಕೈಯಲ್ಲಿ ಉಂಟು. ಅಲ್ಲಿಂದ ಮುಂದೆ ಕಸ್ಟಮ್ಸ್ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಅಂತ ಕೌಂಟರಿನವರಿಗೂ ಗೊತ್ತಿಲ್ಲ. ನಮ್ಮ ದೇಶ ಬಿಟ್ಟ ಮೇಲೆ ಅಲ್ಲಿ ಸ್ಕ್ಯಾನ್ ಆಗುವ ತನಕ ಟ್ರ್ಯಾಕಿಂಗಿನಲ್ಲಿ ಏನೂ ಕಾಣುವುದಿಲ್ಲ. ಗಿರಾಕಿ ಗಾಬರಿಯಾಗುವುದು ಆಗಲೇ. ಆ ಮೌನ ಬರುತ್ತದೆ ಅಂತ ಮೊದಲೇ ಹೇಳಿಬಿಡಿ.

ನಾನಾದರೆ ಗಿರಾಕಿಗೆ ಹೀಗೆ ಬರೆಯುತ್ತೇನೆ: ಇಂಥ ತಾರೀಕಿನ ಒಳಗೆ ಅಂಚೆಗೆ ಹಾಕುತ್ತೇನೆ, ಅದೇ ದಿನ ರಶೀದಿಯ ಫೋಟೋ ಕಳಿಸುತ್ತೇನೆ. ವ್ಯಾಟ್, ಸುಂಕ, ಹ್ಯಾಂಡ್ಲಿಂಗ್ ಶುಲ್ಕ ನಿಮ್ಮದು. ಕಾರ್ಡು ಬಂದ ಕೂಡಲೇ ಕಟ್ಟಿ. ಗೊಂಬೆ ಮುರಿದು ಬಂದರೆ ಪೆಟ್ಟಿಗೆ ಬಿಸಾಡದೆ, ಹೊರಗಿನದು ಒಳಗಿನದು ಎರಡರ ಫೋಟೋ ತೆಗೆದು ಕಳಿಸಿ. ಅಕ್ಕ, ನವರಾತ್ರಿಗೆ ಬೇಕು ಅಂದರೆ ನೀವು ಆಗಸ್ಟ್ ಮುಗಿಯುವ ಮೊದಲು ಹೊರಡಿಸಿ. ಅಕ್ಟೋಬರ್ ಕಳೆದರೆ ಅಲ್ಲಿ ಕ್ರಿಸ್ಮಸ್ ರಶ್ಶು ಶುರು.

ಲೆಸ್ಟರ್ ಕನ್ನಡಿಗ

ನನಗೆ ಇದು ಒಪ್ಪಿಗೆ. ಉಳಿದ ಎರಡು ಮನೆಯವರಿಗೂ 13 ಪೌಂಡ್ ವ್ಯಾಟಿನ ಲೆಕ್ಕ ಹೇಳಿದ್ದೇನೆ, ಬೇಡ ಅಂದಿಲ್ಲ. ಅಕ್ಕ, ತಟ್ಟಿ ಸಿಕ್ಕಿಸುವುದು ಹೇಗೆ ಅಂತ ಒಂದು ಸಣ್ಣ ವಿಡಿಯೋ ಮಾಡಿ ಕಳಿಸಿ. ದುಡ್ಡು ನನ್ನ ಭಾರತದ ಎನ್‌ಆರ್‌ಒ ಖಾತೆಯಿಂದ ರೂಪಾಯಿಯಲ್ಲೇ ಹಾಕಿದರೆ ಆಗುತ್ತದಾ?

ಅದೋನಿ ಲೆಕ್ಕಪತ್ರ

ಅಲ್ಲಿಂದ ಬ್ಯಾಂಕಿನ ಮೂಲಕ ಪೌಂಡಿನಲ್ಲಿ ಬಂದರೆ ರಫ್ತಿನ ಹಣ ಅಂತ ತೋರಿಸುವುದು ಸುಲಭ. ಎನ್‌ಆರ್‌ಒ ಖಾತೆಯ ರೂಪಾಯಿಯನ್ನು ಹಾಗೆ ಒಪ್ಪುತ್ತಾರಾ ಅನ್ನುವುದನ್ನು ಅಕ್ಕ ತಮ್ಮ ಬ್ಯಾಂಕಿನಲ್ಲಿ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಂಡ ಮೇಲೆ ಹಾಕಿಸಿಕೊಳ್ಳಲಿ.

ಪೆರ್ಲದ ಗೊಂಬೆಮನೆ

ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ. ಇನ್ನೊಂದು ಕೇಳುವುದುಂಟು. ನಮಗೆ ಮಂಗಳೂರಿಗೆ ಹೋಗಿಬರುವುದು ಸುಲಭ. ಐಇಸಿಯಲ್ಲಿ ಕೇರಳದ ವಿಳಾಸ ಇರುವಾಗ ಮಂಗಳೂರಿನ ಅಂಚೆಯಿಂದ ರಫ್ತಿನ ಬಿಲ್ಲು ಹಾಕಿ ಕಳಿಸಿದವರು ಯಾರಾದರೂ ಇದ್ದೀರಾ? ಮಂಜೇಶ್ವರ, ಉಪ್ಪಳ ಕಡೆಯವರು ಇದ್ದರೆ ಹೇಳಿ.

ಜತ್ತದ ಕೌದಿ

ನಮಗೂ ಇದೇ ಪ್ರಶ್ನೆ ಇದೆ ಅಕ್ಕಾರ, ನಮಗೆ ವಿಜಯಪುರ ಹತ್ತಿರ. ಗೊತ್ತಿದ್ದವರು ಇಬ್ಬರಿಗೂ ಸೇರಿಸಿ ಹೇಳ್ರಿ. ಹಂಗೇ ಹಳೇ ಸೀರೆಯಿಂದ ಹೊಲಿದ ಕೌದಿಯನ್ನ ಫಾರ್ಮಿನಲ್ಲಿ ಬಳಸಿದ ಬಟ್ಟೆ ಅಂತ ಬರೀಬೇಕಾ, ಹೊಸ ಸಾಮಾನು ಅಂತಾನಾ? ಕುಂಬಳೆ ಅಣ್ಣಾರ, ಈ ಸಲ ಬೆಲೆ ಖರೇದೇ ಬರೀತೀನಿ.